ಹೊಸ ಹಸು ಬಂದಾಗ: ಚಿಕ್ಕ ಕೊಟ್ಟಿಗೆಯ ರೋಗರಕ್ಷಣೆ

ಸಂತೆಯಿಂದ ಕೊಂಡುತಂದ ಹಸು ಮನೆಯ ಬಾಗಿಲಿಗೆ ಬಂದಾಗ ಗೃಹಿಣಿಯು ಅದರ ಕಾಲಿಗೆ ನೀರೆರೆದು, ಹಣೆಗೆ ಅರಿಸಿನ ಕುಂಕುಮವಿಟ್ಟು, ಆರತಿ ಬೆಳಗಿ ಒಳಗೆ ಬರಮಾಡಿಕೊಳ್ಳುವುದು ಹಳ್ಳಿಗಳಲ್ಲಿ ನಡೆದುಬಂದ ಪದ್ಧತಿ. ನೆರೆಹೊರೆಯವರೂ ಬಂದು ಹಸುವಿನ ಬೆನ್ನು ಸವರಿ, ಕೆಚ್ಚಲು ಮುಟ್ಟಿ ನೋಡಿ, ಕೊಟ್ಟ ಬೆಲೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅಭಿಪ್ರಾಯ ಹೇಳಿ ಹೋಗುತ್ತಾರೆ. ಅರ್ಧ ಗಂಟೆಯೊಳಗೆ ಹೊಸ ಹಸುವನ್ನು ಹಳೆಯ ಹಸುಗಳ ಪಕ್ಕದ ಗೂಟಕ್ಕೆ ಕಟ್ಟಲಾಗುತ್ತದೆ. ಅದು ಅವುಗಳ ಗೋದಲಿಗೆ ಬಾಯಿ ಹಾಕುತ್ತದೆ. ಚಿಕ್ಕ ಹೈನುಗಾರರ ಕೊಟ್ಟಿಗೆಗೆ ಸಾಂಕ್ರಾಮಿಕ ರೋಗವು ಕಾಲಿಡುವುದು ಬಹುಮಟ್ಟಿಗೆ ಈ ಅರ್ಧ ಗಂಟೆಯಲ್ಲಿಯೇ.

ಇಂತಹ ರೋಗಗಳಲ್ಲಿ ಕಾಲುಬಾಯಿ ಜ್ವರವು ಅತಿ ವೇಗವಾಗಿ ಹರಡತಕ್ಕದ್ದು. ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡಿಗರು ಇದರ ಸ್ಥಳೀಯ ಹೆಸರುಗಳನ್ನೂ ತಿಳಿದಿರುವುದು ಒಳ್ಳೆಯದು. ಮಹಾರಾಷ್ಟ್ರದಲ್ಲಿ ಇದನ್ನು ಲಾಳ್ಯಾ ಖುರಕೂತ್ ಎಂದೂ, ತೆಲುಗು ನಾಡಿನಲ್ಲಿ ಗಾಲಿಕುಂಟು ಎಂದೂ, ತಮಿಳುನಾಡಿನಲ್ಲಿ ಕೋಮಾರಿ ಎಂದೂ, ಹಿಂದಿಯಲ್ಲಿ ಖುರ್‌ಪಕಾ ಮುಂಹ್‌ಪಕಾ ಎಂದೂ ಕರೆಯುತ್ತಾರೆ. ಪಕ್ಕದ ಊರಿನಲ್ಲಿ ಇದು ಕಾಣಿಸಿಕೊಂಡಿದೆಯೆಂಬ ಸುದ್ದಿ ಈ ಹೆಸರಿನಲ್ಲಿಯೇ ಕಿವಿಗೆ ಬೀಳುತ್ತದೆ.

ಒಂದು ಕುಟುಂಬದ ಉದಾಹರಣೆ

ಈ ರೋಗದ ನಡೆಯನ್ನು ಅರಿಯಲು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನಲ್ಲಿ ಮೂರೆಕರೆ ಜಮೀನಿರುವ ರೈತನ ಮನೆ. ಕೊಟ್ಟಿಗೆಯಲ್ಲಿ ನಾಲ್ಕು ಮಿಶ್ರತಳಿಯ ಹಸುಗಳು, ಎರಡು ಕರುಗಳು. ಕರುಗಳಲ್ಲಿ ಒಂದಕ್ಕೆ ಐದು ತಿಂಗಳು, ಇನ್ನೊಂದಕ್ಕೆ ಎರಡೂವರೆ ತಿಂಗಳು. ಹಸುಗಳಿಗೆ ನಾಲ್ಕು ತಿಂಗಳ ಹಿಂದೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಲಾಗಿತ್ತು. ದೊಡ್ಡ ಕರುವಿಗೆ ಕೆಲವೇ ವಾರಗಳ ಹಿಂದೆ ಮೊದಲ ಲಸಿಕೆಯಾಗಿತ್ತು. ಈ ರೈತನು ಭಾನುವಾರ ಸಂತೆಯಲ್ಲಿ ಎರಡನೆಯ ಸೂಲಿನ ಹಸುವೊಂದನ್ನು ಕೊಂಡನು.

ಆತನು ಅಜಾಗರೂಕನಲ್ಲ. ಪಶುವೈದ್ಯರು ಹೇಳಿದ್ದುದನ್ನು ನೆನಪಿಟ್ಟು ಹೊಸ ಹಸುವನ್ನು ಮನೆಯ ಹಿಂದಿನ ಬೇವಿನ ಮರದಡಿ ಬೇರೆಯಾಗಿ ಕಟ್ಟಿದನು. ಕೊಟ್ಟಿಗೆಯ ಬಾಗಿಲಲ್ಲಿ ಫಿನೈಲ್ ಬೆರೆಸಿದ ನೀರಿನ ತೊಟ್ಟಿಯನ್ನಿಟ್ಟನು. ಸೋಮವಾರ, ಮಂಗಳವಾರ ಹೊಸ ಹಸು ಚೆನ್ನಾಗಿಯೇ ಮೇಯಿತು, ಹಾಲನ್ನೂ ಕೊಟ್ಟಿತು. ಪ್ರಯಾಣದ ಆಯಾಸ ಕಳೆಯುವವರೆಗೆ ಆ ಹಾಲನ್ನು ಡೈರಿಗೆ ಹಾಕುವುದು ಬೇಡವೆಂದು ಮನೆಯವರು ಅದನ್ನು ಕರುಗಳಿಗೆ ಕುಡಿಸಿದರು. ಬುಧವಾರ ಸಂಜೆ ಹಸುವಿಗೆ 104 ಡಿಗ್ರಿ ಜ್ವರ ಬಂದಿತು. ಗುರುವಾರ ಬಾಯಿಂದ ದಾರದಂತೆ ಜೊಲ್ಲು ಸುರಿಯತೊಡಗಿತು. ನಾಲಿಗೆಯ ಮೇಲೆ ಗುಳ್ಳೆಗಳೆದ್ದವು. ಹಸು ಕಾಲನ್ನು ಮತ್ತೆ ಮತ್ತೆ ಒದರಲಾರಂಭಿಸಿತು. ಶನಿವಾರ ಬೆಳಗಿನ ಜಾವ ಎರಡೂವರೆ ತಿಂಗಳ ಕರು, ಹಿಂದಿನ ರಾತ್ರಿ ಆಡಿಕೊಂಡಿದ್ದುದು, ತಾಯಿಯ ಬಳಿ ಬಿಟ್ಟೊಡನೆ ಕುಸಿದು ಸತ್ತಿತು. ಅದರ ಬಾಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ.

ಮನೆಯವರು ಹಾವು ಕಡಿದಿರಬೇಕೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಎಳೆಗರುಗಳಲ್ಲಿ ಈ ರೋಗದ ವೈರಾಣುವು ಬಾಯಿಗಿಂತ ಮೊದಲು ಹೃದಯದ ಸ್ನಾಯುವಿಗೆ ತಗಲುವುದುಂಟು. ಗುಳ್ಳೆಯೇಳುವುದಕ್ಕೆ ಮುಂಚೆಯೇ ಕರು ಹಠಾತ್ತನೆ ಸಾಯುತ್ತದೆ. ಬೆಳೆದ ಹಸು ಈ ರೋಗದಿಂದ ಸಾಯುವುದು ಕಡಿಮೆ. ಅದರ ಹಾನಿ ಬೇರೆ ವಿಧದ್ದು: ಹಾಲು ಇಳಿಯುತ್ತದೆ, ಗೊರಸು ಹುಣ್ಣಾಗುತ್ತದೆ, ಕೆಚ್ಚಲು ಬಾವು ಬರುತ್ತದೆ, ಗಬ್ಬ ಹೋಗಬಹುದು. ಹಾಗೆಂದು ಬೆಳೆದ ದನಗಳಿಗೆ ಅಪಾಯವಿಲ್ಲವೆಂದೂ ಅಲ್ಲ. 2013ರಲ್ಲಿ ಕರ್ನಾಟಕದಲ್ಲಿ ಈ ರೋಗ ವ್ಯಾಪಕವಾಗಿ ಹರಡಿದಾಗ ಸಾವಿರಾರು ದನಗಳು ಸತ್ತವು.

ರೋಗ ಒಳಗೆ ಬಂದ ದಾರಿ

ವೈರಾಣು ದೇಹವನ್ನು ಹೊಕ್ಕ ನಂತರ ಲಕ್ಷಣಗಳು ತೋರಲು 2ರಿಂದ 14 ದಿನಗಳು ಹಿಡಿಯುತ್ತವೆ. ಮುಖ್ಯವಾದ ಸಂಗತಿಯೆಂದರೆ, ಲಕ್ಷಣ ತೋರುವ ಮೊದಲೇ ಹಸುವು ವೈರಾಣುವನ್ನು ಹೊರಸೂಸುತ್ತದೆ. ಹಾಲಿನಲ್ಲಿ ಅದು ಜ್ವರಕ್ಕೆ ಕೆಲವು ದಿನಗಳ ಮುಂಚೆಯೇ ಇರಬಹುದು. ಮೇಲಿನ ಉದಾಹರಣೆಯಲ್ಲಿ ಹಸು ಸಂತೆಯಲ್ಲಿಯೋ, ಅದನ್ನು ತಂದ ವಾಹನದಲ್ಲಿಯೋ ಸೋಂಕು ಪಡೆದಿತ್ತು. ಸೋಮವಾರ, ಮಂಗಳವಾರದ ಹಾಲು ನೋಡಲು ಶುದ್ಧವಾಗಿದ್ದರೂ ವೈರಾಣುವನ್ನು ಹೊತ್ತಿತ್ತು. ಹಸುವನ್ನು ಬೇರೆ ಕಟ್ಟಿದ್ದರೂ ಹಾಲಿನ ಪಾತ್ರೆಯು ಬೇವಿನ ಮರದಿಂದ ಕರುಗಳ ಬಾಯಿಗೆ ನೇರವಾದ ಸೇತುವೆಯಾಯಿತು. ಅದೇ ಹಾಲನ್ನು ಒಂದು ಕುದಿ ಬರುವಂತೆ ಕಾಯಿಸಿ ಆರಿಸಿ ಕುಡಿಸಿದ್ದರೆ ವೈರಾಣು ನಾಶವಾಗುತ್ತಿತ್ತು.

ಎಳೆಯ ಕರುವಿಗೇ ಇದು ಮಾರಕವಾದುದಕ್ಕೂ ಕಾರಣವಿದೆ. 2019ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಈ ಲಸಿಕೆಯನ್ನು ಹಾಕಲಾಗುತ್ತದೆ. ಆದರೆ ಕರುಗಳಿಗೆ ಮೊದಲ ಲಸಿಕೆ ಸಲ್ಲುವುದು ನಾಲ್ಕು ತಿಂಗಳು ತುಂಬಿದ ಮೇಲೆ. ಗಿಣ್ಣುಹಾಲಿನಿಂದ ಬಂದ ರಕ್ಷಣೆ ಅಷ್ಟರಲ್ಲಿ ಕುಂದುತ್ತಾ ಬಂದಿರುತ್ತದೆ. ಈ ಎಡೆಯಲ್ಲಿ ಕರುವನ್ನು ಕಾಯುವುದು ಲಸಿಕೆಯಲ್ಲ, ಬೇಲಿ. ಲಸಿಕೆ ಪಡೆದ ಹಸುವೂ ಕೆಲವೊಮ್ಮೆ ತಾನು ಕಾಯಿಲೆ ಬೀಳದೆ ಸೋಂಕನ್ನು ಇತರ ದನಗಳಿಗೆ ದಾಟಿಸಬಲ್ಲದು. ಆದ್ದರಿಂದ ಮಾರುವವನು ಲಸಿಕೆಯಾಗಿದೆಯೆಂದು ಹೇಳಿದ ಮಾತ್ರಕ್ಕೆ ಹೊಸ ಹಸುವನ್ನು ಪ್ರತ್ಯೇಕವಾಗಿಡುವುದನ್ನು ಕೈಬಿಡಲಾಗದು. ಹಸುವಿನ ಕಿವಿಯ ಓಲೆಯಲ್ಲಿರುವ 12 ಅಂಕಿಗಳ ಸಂಖ್ಯೆಯನ್ನು ಪಶು ಆಸ್ಪತ್ರೆಯಲ್ಲಿ ತೋರಿಸಿದರೆ ಲಸಿಕೆಯ ದಾಖಲೆಯನ್ನು ನೋಡಿ ಹೇಳುತ್ತಾರೆ. ಬಾಯಿಮಾತಿಗಿಂತ ಅದು ಮೇಲು.

ಇಪ್ಪತ್ತೊಂದು ದಿನಗಳ ಪ್ರತ್ಯೇಕವಾಸ

ಹೊಸ ಪಶುವನ್ನು ಕನಿಷ್ಠ 21 ದಿನ, ಸಾಧ್ಯವಾದರೆ 30 ದಿನ ಬೇರೆಯಾಗಿರಿಸತಕ್ಕದ್ದು. ಲಕ್ಷಣ ತೋರಲು ಬೇಕಾದ 14 ದಿನಗಳಿಗೆ ಒಂದು ವಾರ ಸೇರಿಸಿ ಈ ಲೆಕ್ಕವನ್ನು ಹಾಕಲಾಗಿದೆ. ನಡುವೆ ಇನ್ನೊಂದು ಪಶುವನ್ನು ತಂದು ಅದರ ಜೊತೆ ಕಟ್ಟಿದರೆ ಎಣಿಕೆಯನ್ನು ಮತ್ತೆ ಒಂದರಿಂದ ಆರಂಭಿಸಬೇಕು. ಹತ್ತನೆಯ ದಿನ ಆಡೊಂದನ್ನು ಕೊಂಡುತಂದು ಅಲ್ಲಿಯೇ ಕಟ್ಟುವವರು ಇದನ್ನು ಮರೆಯುತ್ತಾರೆ. ಕಾಲುಬಾಯಿ ಜ್ವರವು ಆಡುಕುರಿಗಳಿಗೂ ಬರುತ್ತದೆ, ಅವುಗಳಲ್ಲಿ ಲಕ್ಷಣವೂ ಅಷ್ಟಾಗಿ ಎದ್ದು ಕಾಣದು. 2001ರಲ್ಲಿ ಬ್ರಿಟನ್ನಿನಲ್ಲಿ ಈ ರೋಗವು ಪತ್ತೆಯಾಗುವ ಮೊದಲೇ ದೇಶದ ನಾನಾ ಕಡೆಗೆ ಹರಡಿದ್ದು ಸಂತೆಗಳಲ್ಲಿ ಕೈಬದಲಾದ ಕುರಿಗಳ ಮೂಲಕ. ಅಲ್ಲಿ ಅದನ್ನು ನಿಲ್ಲಿಸಲು ಅರುವತ್ತು ಲಕ್ಷಕ್ಕೂ ಹೆಚ್ಚು ಪಶುಗಳನ್ನು ಕೊಲ್ಲಬೇಕಾಯಿತು.

ಸ್ಥಳದ ಅಭಾವವು ಚಿಕ್ಕ ಹೈನುಗಾರರ ನಿಜವಾದ ತೊಡಕು. ಪ್ರತ್ಯೇಕ ಕಟ್ಟಡವೇ ಬೇಕೆಂದಿಲ್ಲ. ಹೊಲದ ಮೂಲೆಯ ಒಂದು ಚಪ್ಪರವಾದರೂ ಸಾಕು. ಹಳೆಯ ಹಸುಗಳೊಡನೆ ಮೂತಿ ತಾಗಬಾರದು, ಗೋದಲಿ ಮತ್ತು ನೀರಿನ ತೊಟ್ಟಿ ಒಂದೇ ಆಗಿರಬಾರದು, ಗಂಜಲವು ಹಳೆಯ ಕೊಟ್ಟಿಗೆಯ ಕಡೆಗೆ ಹರಿದು ಬರಬಾರದು. ಗಾಳಿ ಬೀಸುವ ದಿಕ್ಕನ್ನೂ ಗಮನಿಸಿ, ಹಳೆಯ ಹಸುಗಳಿಂದ ಹೊಸ ಹಸುವಿನ ಕಡೆಗೆ ಗಾಳಿ ಬೀಸುವಂತೆ ಜಾಗವನ್ನು ಆರಿಸಬೇಕು. ಅಷ್ಟೂ ಜಾಗವಿಲ್ಲದವರು ದನಗಳಿಲ್ಲದ ನೆಂಟರ ಮನೆಯ ಹಿತ್ತಲಲ್ಲಿ ಮೂರು ವಾರ ಇರಿಸುವುದು ಮೇಲು. ಒಂದೇ ಮಾಡಿನಡಿಯಲ್ಲಿ ಎರಡು ಗೂಟ ಬಿಟ್ಟು ಕಟ್ಟುವುದನ್ನು ಪ್ರತ್ಯೇಕವಾಸವೆಂದು ಕರೆಯಲಾಗದು.

ಹೊಸ ಹಸುವಿಗೆ ಬೇರೆ ಹಗ್ಗ, ಬೇರೆ ಬಕೆಟ್ಟು, ಬೇರೆ ಪೊರಕೆ, ಬೇರೆ ಸಗಣಿ ಬುಟ್ಟಿ ಇರಬೇಕು. ಮನೆಯಲ್ಲಿ ಎರಡನೆಯ ಆಳು ಇಲ್ಲದಿದ್ದರೆ ಕೆಲಸದ ಕ್ರಮವೇ ರಕ್ಷಣೆಯಾಗುತ್ತದೆ: ಮೊದಲು ಕರುಗಳು, ಆಮೇಲೆ ಹಳೆಯ ಹಸುಗಳು, ಕೊನೆಗೆ ಹೊಸ ಹಸು. ಹಾಲು ಕರೆಯುವುದಕ್ಕೂ ಇದೇ ಕ್ರಮ. ಹೊಸ ಹಸುವಿನ ಕೆಲಸ ಮುಗಿದ ಮೇಲೆ ಮೊಣಕೈವರೆಗೆ ಸಾಬೂನಿನಿಂದ ತೊಳೆದುಕೊಂಡು, ಬಟ್ಟೆ ಬದಲಿಸದೆ ಮತ್ತೆ ಹಳೆಯ ಕೊಟ್ಟಿಗೆಗೆ ಹೋಗಬಾರದು.

ದಿನವೂ ಬೆಳಿಗ್ಗೆ ಮತ್ತು ಸಂಜೆ ಗುದದ್ವಾರದಲ್ಲಿ ಉಷ್ಣಮಾಪಕವನ್ನಿಟ್ಟು ಜ್ವರ ನೋಡುವುದು ಈ ಮೂರು ವಾರಗಳ ಅತ್ಯಂತ ಉಪಯುಕ್ತವಾದ ಕೆಲಸ. ಆರೋಗ್ಯವಂತ ಹಸುವಿನ ಉಷ್ಣತೆ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಬಿಸಿಲಿಲ್ಲದ ಹೊತ್ತಿನಲ್ಲಿಯೂ 103ನ್ನು ದಾಟಿದರೆ ಪಶುವೈದ್ಯರಿಗೆ ತಿಳಿಸತಕ್ಕದ್ದು. ಜ್ವರವು ಗುಳ್ಳೆಗಳಿಗಿಂತ ಮುಂಚೆ ಬರುತ್ತದೆ. ಆ ಒಂದು ದಿನದ ಮುನ್ಸೂಚನೆಯೇ ಉಳಿದ ಹಸುಗಳನ್ನು ಉಳಿಸಬಹುದು. ಉದಾಹರಣೆಯ ರೈತನು ಬುಧವಾರ ಸಂಜೆ ಜ್ವರವನ್ನು ಕಂಡುಕೊಂಡದ್ದರಿಂದಲೇ ಗುರುವಾರದ ಹಾಲು ಕರುಗಳಿಗೆ ಹೋಗಲಿಲ್ಲ. ಆದರೆ ಅಷ್ಟರಲ್ಲಿ ತಡವಾಗಿತ್ತು.

ಮೊದಲ ದಿನ ಹಸುವಿಗೆ ನೀರು, ನೆರಳು, ಒಣಮೇವು ಸಾಕು. ಮೈಮೇಲೆ ಉಣ್ಣಿಗಳಿದ್ದರೆ ವೈದ್ಯರ ಸಲಹೆಯಂತೆ ಔಷಧ ಹಚ್ಚಿಸಬೇಕು. ಸಂತೆಯಲ್ಲಿ ಕೆಚ್ಚಲು ತುಂಬಿ ಕಾಣಲೆಂದು ಹಾಲು ಕರೆಯದೆ ತರುವ ಕೆಟ್ಟ ರೂಢಿಯಿದೆ. ಅದರಿಂದ ಕೆಚ್ಚಲು ಬಾವು ಬಂದಿರಬಹುದಾದ್ದರಿಂದ ಹಾಲಿನ ಪರೀಕ್ಷೆಯನ್ನೂ ಮೊದಲ ವಾರದಲ್ಲೇ ಮಾಡಿಸುವುದು ಲೇಸು.

ಮೂರು ವಾರಗಳಲ್ಲಿ ಎಲ್ಲ ರೋಗಗಳೂ ಬಯಲಾಗುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ಮತ್ತು ಕ್ಷಯ ರೋಗಗಳು ತಿಂಗಳುಗಟ್ಟಲೆ ಹೊರಗೆ ಕಾಣದೆ ಇರುತ್ತವೆ. ಹಸು ಮೈತುಂಬಿಕೊಂಡು ಕಾಣುತ್ತಿದ್ದರೂ ಒಳಗೆ ರೋಗವಿರಬಹುದು. ಇವಕ್ಕೆ ಕಾಯುವುದು ಉತ್ತರವಲ್ಲ, ಪರೀಕ್ಷೆಯೇ ಉತ್ತರ. ಬ್ರುಸೆಲ್ಲೋಸಿಸ್‌ಗೆ ರಕ್ತ ಪರೀಕ್ಷೆ ಇದೆ; ಕ್ಷಯಕ್ಕೆ ಚರ್ಮದಲ್ಲಿ ಚುಚ್ಚಿ 72 ಗಂಟೆಗಳ ನಂತರ ಊತವನ್ನು ಅಳೆಯುವ ಪರೀಕ್ಷೆ ಇದೆ. ಕರು ಹಾಕುವ ಆಸುಪಾಸಿನಲ್ಲಿ ಈ ಎರಡೂ ಪರೀಕ್ಷೆಗಳು ರೋಗವಿದ್ದರೂ ಇಲ್ಲವೆಂದು ತೋರಿಸುವ ಸಂಭವವಿದೆ. ತುಂಬು ಗಬ್ಬದ ಹಸುವನ್ನು ಕೊಂಡವರು ಕರು ಹಾಕಿದ ಕೆಲವು ವಾರಗಳ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸತಕ್ಕದ್ದು. ಬ್ರುಸೆಲ್ಲೋಸಿಸ್ ಹಸಿಹಾಲಿನಿಂದಲೂ ಕಸ ತೆಗೆಯುವಾಗಲೂ ಮನುಷ್ಯರಿಗೆ ತಗಲುತ್ತದೆಯಾಗಿ ಇದು ಮನೆಯವರ ಆರೋಗ್ಯದ ಪ್ರಶ್ನೆಯೂ ಹೌದು.

ಕಾಲು ಅದ್ದುವ ತೊಟ್ಟಿ

ಉದಾಹರಣೆಯ ರೈತನು ತೊಟ್ಟಿಗೆ ಫಿನೈಲ್ ಹಾಕಿದ್ದನು. ಬಹುತೇಕ ಎಲ್ಲರೂ ಹಾಗೆಯೇ ಮಾಡುತ್ತಾರೆ, ಏಕೆಂದರೆ ವಾಸನೆ ಬಂದರೆ ಶುದ್ಧವಾಯಿತೆಂಬ ಭಾವನೆ ಉಂಟಾಗುತ್ತದೆ. ಕಾಲುಬಾಯಿ ಜ್ವರದ ವೈರಾಣುವಿನ ಮೇಲೆ ಫಿನೈಲಿಗೆ ನೆಚ್ಚಬಹುದಾದ ಪರಿಣಾಮವಿಲ್ಲ. ಅನೇಕ ವೈರಾಣುಗಳ ಸುತ್ತ ಜಿಡ್ಡಿನ ಹೊದಿಕೆಯಿದ್ದು, ಅದು ಕರಗಿದೊಡನೆ ಅವು ಸಾಯುತ್ತವೆ. ಈ ವೈರಾಣುವಿಗೆ ಅಂತಹ ಹೊದಿಕೆಯೇ ಇಲ್ಲ. ಬ್ಲೀಚಿಂಗ್ ಪುಡಿಯ ನೀರು ಸಗಣಿ ಬೆರೆತೊಡನೆ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದರೆ ಈ ವೈರಾಣುವಿಗೆ ಒಂದು ದೌರ್ಬಲ್ಯವಿದೆ: ಅದು ಹುಳಿಯನ್ನೂ ತಾಳದು, ಕ್ಷಾರವನ್ನೂ ತಾಳದು. ಆದುದರಿಂದ ಕಿರಾಣಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಬಟ್ಟೆ ಸೋಡಾವೇ ಇದಕ್ಕೆ ತಕ್ಕ ಮದ್ದು.

ಪ್ರಮಾಣದಲ್ಲಿ ಒಂದು ಸೂಕ್ಷ್ಮವಿದೆ. ನೀರಿನಂಶವಿಲ್ಲದ ಪುಡಿ ಸೋಡಾ ಆದರೆ 10 ಲೀಟರ್ ನೀರಿಗೆ 400 ಗ್ರಾಂ ಸಾಕು. ಹೊಳಪುಳ್ಳ ದೊಡ್ಡ ಹರಳಿನ ಸೋಡಾ ಆದರೆ ಅದರ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೀರೇ ಇರುತ್ತದೆ. ಅದನ್ನು 10 ಲೀಟರಿಗೆ 1 ಕಿಲೋ ಹಾಕಬೇಕು. ಅಡುಗೆ ಸೋಡಾ ಬೇರೆ ವಸ್ತು; ಅದು ಇಲ್ಲಿ ಉಪಯೋಗಕ್ಕೆ ಬಾರದು. ಬೆಚ್ಚಗಿನ ನೀರಿನಲ್ಲಿ ಕದಡಿದರೆ ಬೇಗ ಕರಗುತ್ತದೆ. ಕೈಗೆ ರಬ್ಬರ್ ಗವಸು ಹಾಕಿಕೊಳ್ಳಬೇಕು, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಸೋಡಾ ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆಯಾದ್ದರಿಂದ ತೊಟ್ಟಿ ಪ್ಲಾಸ್ಟಿಕ್ಕಿನದೋ ಸಿಮೆಂಟಿನದೋ ಆಗಿರಲಿ; ಹಾಲಿನ ಕ್ಯಾನುಗಳನ್ನು ಈ ನೀರಿನಿಂದ ತೊಳೆಯಬಾರದು.

ತೊಟ್ಟಿಯನ್ನು ಇಟ್ಟ ಮಾತ್ರಕ್ಕೆ ಅದು ಕೆಲಸ ಮಾಡದು. ಸಗಣಿ ಮೆತ್ತಿದ ಚಪ್ಪಲಿಯನ್ನು ಅದ್ದಿ ತೆಗೆದರೆ ಸೋಡಾ ಸಗಣಿಯ ಹೊರಮೈಗೆ ತಾಗುತ್ತದೆಯೇ ಹೊರತು ಒಳಗಿನ ವೈರಾಣುವಿಗೆ ತಾಗುವುದಿಲ್ಲ. ಹಾಗಾಗಿ ಎರಡು ತೊಟ್ಟಿಗಳು ಬೇಕು. ಮೊದಲನೆಯದರಲ್ಲಿ ಬರಿಯ ನೀರು ಮತ್ತು ಗಟ್ಟಿ ಬ್ರಷ್ಷು. ಅಟ್ಟೆಯ ಸಂದುಗಳಲ್ಲಿನ ಸಗಣಿಯೆಲ್ಲ ಹೋಗುವಂತೆ ಅಲ್ಲಿ ಉಜ್ಜಬೇಕು. ಎರಡನೆಯದರಲ್ಲಿ ನಾಲ್ಕು ಬೆರಳು ಆಳಕ್ಕೆ ಸೋಡಾ ನೀರು. ಅದರಲ್ಲಿ ದಾಟಿ ಹೋಗುವುದಲ್ಲ, ಒಂದೆರಡು ನಿಮಿಷ ನಿಲ್ಲಬೇಕು. ಹೊರಬಂದ ಮೇಲೆ ಒರೆಸಬಾರದು. ಚರ್ಮದ ಚಪ್ಪಲಿಗೆ ಇದು ಸಲ್ಲದು, ಮೊಣಕಾಲುದ್ದದ ರಬ್ಬರ್ ಬೂಟುಗಳಿಗೆ ಸಲ್ಲುತ್ತದೆ. ದ್ರಾವಣವನ್ನು ದಿನಕ್ಕೊಮ್ಮೆಯೂ, ಅದಕ್ಕೆ ಮೊದಲೇ ಕದಡಿದರೆ ಆಗಲೂ ಬದಲಿಸತಕ್ಕದ್ದು. ಮಳೆ ನೀರು ಬೀಳದಂತೆ ಮೇಲೊಂದು ತಗಡು ಇರಲಿ.

ನಿಜ ಹೇಳುವುದಾದರೆ ತೊಟ್ಟಿಗಿಂತ ಉತ್ತಮವಾದ ಉಪಾಯವೊಂದಿದೆ, ಅದಕ್ಕೆ ಖರ್ಚೂ ಇಲ್ಲ. ಕೊಟ್ಟಿಗೆಯ ಹೊಸ್ತಿಲ ಒಳಗೆ ಎರಡು ಜೊತೆ ರಬ್ಬರ್ ಚಪ್ಪಲಿಗಳನ್ನು ಇಡಬೇಕು. ಹೊರಗಿನ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗಿನದನ್ನು ಮೆಟ್ಟಿಕೊಳ್ಳಬೇಕು. ಒಳಗಿನ ಚಪ್ಪಲಿ ಹೊಸ್ತಿಲು ದಾಟಬಾರದು. ದೇವರ ಮನೆಗೆ ಚಪ್ಪಲಿ ಮೆಟ್ಟಿ ಹೋಗದ ಜನರಿಗೆ ಈ ಶಿಸ್ತು ಹೊಸದಲ್ಲ. ಬಾಗಿಲಲ್ಲಿ ಒಣ ಸುಣ್ಣದ ಪುಡಿಯನ್ನು ಎರಚುವುದು ಮಾತ್ರ ಹೆಚ್ಚಿನ ಪ್ರಯೋಜನಕ್ಕೆ ಬಾರದು. ಸುಣ್ಣ ಒದ್ದೆಯಾಗಿದ್ದಾಗ ಮಾತ್ರ ಅದರ ಕ್ಷಾರ ಕೆಲಸ ಮಾಡುತ್ತದೆ.

ಬಂದುಹೋಗುವವರು

ಹಳ್ಳಿಯಲ್ಲಿ ಬಾಗಿಲಿಗೆ ಬಂದವರನ್ನು ಒಳಗೆ ಬರಬೇಡಿರೆನ್ನುವುದು ಕಷ್ಟ. ಎಲ್ಲರನ್ನೂ ತಡೆಯುವ ಅಗತ್ಯವೂ ಇಲ್ಲ. ಯಾರು ನಿನ್ನೆ ಇನ್ನೊಂದು ಕೊಟ್ಟಿಗೆಯಲ್ಲಿದ್ದರು ಎಂಬುದೇ ಮುಖ್ಯ. ಈ ದೃಷ್ಟಿಯಿಂದ ದನದ ದಲ್ಲಾಳಿಯು ಅತ್ಯಂತ ಅಪಾಯಕಾರಿಯಾದ ಅತಿಥಿ. ಆತನು ಒಂದೇ ದಿನದಲ್ಲಿ ಹತ್ತು ಕೊಟ್ಟಿಗೆಗಳ ದನಗಳ ಬಾಯಿ ಬಿಡಿಸಿ ಹಲ್ಲು ನೋಡಿರುತ್ತಾನೆ. ಆತನೊಡನೆ ವ್ಯವಹಾರವನ್ನು ರಸ್ತೆಯ ಬದಿಯಲ್ಲಿಯೇ ಮುಗಿಸತಕ್ಕದ್ದು. ಮಾರುವ ದನವನ್ನು ಹೊರಗೆ ತಂದು ತೋರಿಸಬೇಕು. ಹಾಲು ಒಯ್ಯುವವನು ಒಳಗೆ ಬರದಂತೆ ಕ್ಯಾನನ್ನು ಗೇಟಿನ ಬಳಿ ಕಲ್ಲಿನ ಮೇಲೆ ಇಡಬಹುದು. ಗೊಬ್ಬರ ಕೊಳ್ಳುವವರ ಗಾಡಿಗೆ ಗುಂಡಿಯನ್ನು ಕೊಟ್ಟಿಗೆಯ ಹಿಂದೆ, ಬೇರೆ ದಾರಿಯಲ್ಲಿ ತೋಡುವುದು ವಿಹಿತ.

ಪಶುವೈದ್ಯರೂ ಕೃತಕ ಗರ್ಭಧಾರಣೆಯ ಕಾರ್ಯಕರ್ತರೂ ಒಳಗೆ ಬರಲೇಬೇಕು. ಅವರು ಬರುವಾಗ ಬಾಗಿಲಲ್ಲಿ ಬಕೆಟ್ಟು ನೀರು, ಸಾಬೂನು, ಬ್ರಷ್ಷು ಮತ್ತು ಸೋಡಾ ತೊಟ್ಟಿಯನ್ನು ಸಿದ್ಧವಾಗಿಡುವುದು ರೈತನ ಕೆಲಸ. ಕೇಳಿಕೊಳ್ಳುವುದಕ್ಕೆ ಸಂಕೋಚಪಡಬೇಕಿಲ್ಲ, ನೀರು ಎದುರಿಗಿದ್ದರೆ ಯಾರೂ ಬೇಸರಪಡುವುದಿಲ್ಲ. ರೋಗವಿರುವ ಊರಿಗೆ ಹೋಗಿ ಅಲ್ಲಿಯ ದನಗಳನ್ನು ಮುಟ್ಟಿ ಬಂದ ಮನೆಯವರೇ ಸ್ನಾನ ಮಾಡಿ ಬಟ್ಟೆಗಳನ್ನು ನೆನೆಸಿ, ಮೂರು ದಿನ ತಮ್ಮ ಹಸುಗಳ ಹತ್ತಿರ ಹೋಗದಿರುವುದು ಕ್ಷೇಮ. ಹೊಸ ಹಸುವಿನ ಆರತಿಯನ್ನೂ ನಿಲ್ಲಿಸಬೇಕಾಗಿಲ್ಲ. ಪ್ರತ್ಯೇಕವಾಗಿ ಕಟ್ಟಿದ ಜಾಗದಲ್ಲಿಯೇ ಮನೆಯ ಒಬ್ಬರು ಆರತಿ ಬೆಳಗಬಹುದು. ನೆರೆಯವರು ಬೇಲಿಯಾಚೆಯಿಂದ ನೋಡಬಹುದು. ಬೆನ್ನು ಸವರುವುದು ಇಪ್ಪತ್ತೆರಡನೆಯ ದಿನಕ್ಕಿರಲಿ.

ಈ ಕ್ರಮಗಳ ಮಿತಿ

ಹಸುಗಳನ್ನು ಊರ ಗೋಮಾಳಕ್ಕೆ ಬಿಡುವವರು, ಊರ ಕೆರೆಯಲ್ಲಿ ನೀರು ಕುಡಿಸುವವರು ಬಾಗಿಲಲ್ಲಿ ತೊಟ್ಟಿ ಇಟ್ಟು ಪ್ರಯೋಜನವಿಲ್ಲ. ಸುತ್ತಮುತ್ತ ರೋಗದ ಸುದ್ದಿ ಇರುವ ವಾರಗಳಲ್ಲಿ ಮೇವನ್ನೂ ನೀರನ್ನೂ ಮನೆಯಲ್ಲಿಯೇ ಒದಗಿಸಬೇಕಾಗುತ್ತದೆ. 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡು 2022ರಲ್ಲಿ ಗುಜರಾತ್, ರಾಜಸ್ಥಾನಗಳಲ್ಲಿ ಅಪಾರ ಹಾನಿ ಮಾಡಿದ ಚರ್ಮಗಂಟು ರೋಗಕ್ಕೂ ಕಾಲು ಅದ್ದುವ ತೊಟ್ಟಿ ಅಡ್ಡಿಯಾಗದು. ಅದನ್ನು ಮುಖ್ಯವಾಗಿ ಸಾಗಿಸುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣಿಗಳು. ಆದರೆ ದೂರದ ಊರಿನಿಂದ ಆ ರೋಗವು ಬರುವುದೂ ಕೊಂಡುತಂದ ದನದ ಜೊತೆಗೇ ಆದ್ದರಿಂದ ಪ್ರತ್ಯೇಕವಾಸದ ಪ್ರಯೋಜನ ಅಲ್ಲಿಯೂ ಉಂಟು. ಹೊಸ ಹಸುವಿನ ಜಾಗದಲ್ಲಿ ಸೊಳ್ಳೆಪರದೆ ಕಟ್ಟಿ ಸಗಣಿಯನ್ನು ದಿನವೂ ತೆಗೆಯಬೇಕು.

ಲಕ್ಷಣಗಳು ಕಂಡೊಡನೆ ಪಶು ಆಸ್ಪತ್ರೆಗೆ ತಿಳಿಸುವುದು 2009ರ ಕಾಯಿದೆಯಂತೆ ಮಾಲೀಕರ ಕರ್ತವ್ಯ. ಸಂಚಾರಿ ಪಶುಚಿಕಿತ್ಸಾ ಘಟಕವನ್ನು 1962 ಎಂಬ ಉಚಿತ ದೂರವಾಣಿ ಸಂಖ್ಯೆಯಲ್ಲಿ ಕರೆಯಬಹುದು. ರೋಗ ಬಂದ ಹಸುವನ್ನು ಸಿಕ್ಕ ಬೆಲೆಗೆ ಸಂತೆಗೆ ಹೊಡೆದರೆ ಅದು ಇನ್ನೊಬ್ಬರ ಕರುವಿನ ಬಳಿಗೆ ಹೋಗುತ್ತದೆ. ಅಕ್ಕಲಕೋಟೆಯ ರೈತನಿಗೆ ಬಂದದ್ದೂ ಬಹುಶಃ ಹಾಗೆಯೇ.

ಆತನ ಮನೆಯಲ್ಲಿ ಮುಂದೆ ನಡೆದುದು ಇಷ್ಟು. ಲಸಿಕೆಯಾಗಿದ್ದ ನಾಲ್ಕು ಹಸುಗಳಲ್ಲಿ ಒಂದಕ್ಕೆ ಮಾತ್ರ ಜ್ವರ ಬಂದು ಒಂದು ವಾರ ಹಾಲು ಇಳಿಯಿತು. ಒಂದೇ ಲಸಿಕೆಯಾಗಿದ್ದ ದೊಡ್ಡ ಕರುವಿನ ಬಾಯಲ್ಲಿ ಕೆಲವು ಗುಳ್ಳೆಗಳೆದ್ದು ಮಾದವು. ಸತ್ತ ಕರುವನ್ನು ನಾಯಿಗಳು ಎಳೆಯದಂತೆ ಆಳವಾದ ಗುಂಡಿಯಲ್ಲಿ ಸುಣ್ಣದೊಡನೆ ಹೂಳಲಾಯಿತು. ಹೊಸ ಹಸು ಬೇವಿನ ಮರದಡಿಯೇ ಚೇತರಿಸಿಕೊಂಡಿತು. ಕೊನೆಯ ಗಾಯ ಮಾದ ದಿನದಿಂದ ಮತ್ತೆ ಮೂವತ್ತು ದಿನಗಳನ್ನು ಎಣಿಸಿ ಅದನ್ನು ಒಳಗೆ ಕಟ್ಟಿದರು. ಅಷ್ಟರಲ್ಲಿ ಹೊಸ್ತಿಲ ಒಳಗೆ ಎರಡು ಜೊತೆ ಚಪ್ಪಲಿಗಳೂ, ಒಲೆಯ ಪಕ್ಕದಲ್ಲಿ ಕರುಗಳ ಹಾಲು ಕಾಯಿಸುವುದಕ್ಕೆಂದೇ ಒಂದು ಬೋಗುಣಿಯೂ ಬಂದು ಕುಳಿತಿದ್ದವು.